ಎಷ್ಟು ಮರ ನೋಡಿದರೆ ಇಬ್ಬರ ಕಣ್ಣಿನ ಒಪ್ಪಿಗೆ ಗೊತ್ತಾಗುತ್ತದೆ?

ಪ್ರಶ್ನೆ: ಮಾನ್ಯರೇ, ನಾನು ತೋಟಗಾರಿಕೆಯ ಸ್ನಾತಕೋತ್ತರ ವಿದ್ಯಾರ್ಥಿ, ಊರು ಬದಿಯಡ್ಕದ ಹತ್ತಿರ. ಅಡಿಕೆ ಮರದಲ್ಲಿ ಹಳದಿ ಎಲೆ ರೋಗದ ಲಕ್ಷಣ ‘ಇದೆ’ ಅಥವಾ ‘ಇಲ್ಲ’ ಎಂದು ನಾನೂ ಒಬ್ಬ ನಿವೃತ್ತ ಕ್ಷೇತ್ರ ಸಹಾಯಕರೂ ಬೇರೆ ಬೇರೆಯಾಗಿ ಬರೆದು, ನಮ್ಮಿಬ್ಬರ ಒಪ್ಪಿಗೆಯನ್ನು ಕಪ್ಪಾ ಸಂಖ್ಯೆಯಲ್ಲಿ ಹೇಳಬೇಕು. ಕಪ್ಪಾ 0.7ರ ಸುಮಾರಿಗೆ ಬರಬಹುದು, ಶೇ. 15ರಷ್ಟು ಮರಗಳಲ್ಲಿ ಲಕ್ಷಣ ಕಾಣಬಹುದು ಎಂದು ಅಂದಾಜು. ಎಷ್ಟು ಮರ ನೋಡಬೇಕು ಎಂದು ಹುಡುಕಿದರೆ ಒಂದು ಕಡೆ 17, ಇನ್ನೊಂದು ಕಡೆ 123, ಮತ್ತೊಂದು ಕಡೆ 398 ಬಂತು. ಮಾರ್ಗದರ್ಶಕರು 30 ಸಾಕು ಎನ್ನುತ್ತಾರೆ. ಯಾವುದು ಸರಿ? ರೋಗದ ಮರ ಅರ್ಧ, ಒಳ್ಳೆಯ ಮರ ಅರ್ಧ ಆರಿಸಿಕೊಂಡರೆ ಕೆಲಸ ಕಡಿಮೆಯಾಗುವುದಿಲ್ಲವೇ? ನಮಗೆ ಇರುವುದು ಹೆಚ್ಚೆಂದರೆ 25 ದಿನ.

ಉತ್ತರ: ನಿಮಗೆ ಸಿಕ್ಕ ಮೂರು ಸಂಖ್ಯೆಗಳಲ್ಲಿ ಯಾವುದೂ ತಪ್ಪಲ್ಲ. ಅವು ಮೂರು ಬೇರೆ ಪ್ರಶ್ನೆಗಳ ಉತ್ತರಗಳು, ಮತ್ತು ನಿಮ್ಮ ಪ್ರಶ್ನೆ ಅವುಗಳಲ್ಲಿ ಒಂದು ಮಾತ್ರ. 30 ಎಂಬುದು ಮಾತ್ರ ಯಾವ ಪ್ರಶ್ನೆಗೂ ಉತ್ತರವಲ್ಲ. ಅದು ಸಂಖ್ಯಾಶಾಸ್ತ್ರದ ತರಗತಿಯಿಂದ ತರಗತಿಗೆ ಬಾಯಿಂದ ಬಾಯಿಗೆ ಬಂದ ಸಂಖ್ಯೆ. ನಿಮ್ಮ ಮಾರ್ಗದರ್ಶಕರನ್ನು ದೂರುವುದು ಬೇಡ, ನಾನೂ ಒಂದು ಕಾಲದಲ್ಲಿ ಅದನ್ನೇ ಹೇಳಿದವನು.

ಹದಿನೇಳರಿಂದ ಶುರು ಮಾಡೋಣ. ಅದನ್ನು ಕೊಟ್ಟ ಕೋಷ್ಟಕ ಕೇಳುವುದು ಇಷ್ಟೇ: ‘ಇವರಿಬ್ಬರ ಕಪ್ಪಾ ಸೊನ್ನೆ ಅಲ್ಲ ಎಂದು ತೋರಿಸಲು ಎಷ್ಟು ಮರ ಬೇಕು?’ ನಿಜವಾದ ಕಪ್ಪಾ 0.7 ಇದ್ದರೆ, ನೂರು ಸಲ ನೋಡಿದರೆ ಎಂಬತ್ತು ಸಲ ಹಾಗೆಂದು ತೋರುವಂತೆ, ಅಂದರೆ ಶೇ. 80ರ ಸಾಮರ್ಥ್ಯದಲ್ಲಿ, ಅದಕ್ಕೆ 17 ಮರ ಸಾಕು. ಆದರೆ ಕಪ್ಪಾ ಸೊನ್ನೆ ಎಂದರೆ ಇಬ್ಬರೂ ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿ ಬರೆದಂತೆ. ಇಷ್ಟು ವರ್ಷ ತೋಟ ತಿರುಗಿದವರು ನಾಣ್ಯ ಚಿಮ್ಮುವವರಿಗಿಂತ ವಾಸಿ ಎಂದು ಸಾಬೀತುಪಡಿಸಲು ಪ್ರಬಂಧ ಬರೆಯಬೇಕೇ? ಎರಡನೆಯದು, 123, ಸ್ವಲ್ಪ ಮರ್ಯಾದೆಯ ಪ್ರಶ್ನೆಗೆ ಉತ್ತರ: ‘ಕಪ್ಪಾ 0.4 ಅಲ್ಲ, ಅದಕ್ಕಿಂತ ಬೇರೆಯೇ ಎಂದು ತೋರಿಸಲು ಎಷ್ಟು ಬೇಕು?’ ಇದೂ ಒಂದು ಗೆರೆಯನ್ನು ದಾಟಿದೆಯೇ ಇಲ್ಲವೇ ಎಂಬ ಪರೀಕ್ಷೆಯೇ. ಗೆರೆ ದಾಟಿದ ಮೇಲೆ ಎಷ್ಟು ದೂರ ಹೋಗಿದ್ದೀರಿ ಎಂಬುದನ್ನು ಅದು ಹೇಳುವುದಿಲ್ಲ.

ನೀವು ಮಾಡಬೇಕಾಗಿರುವುದು ಅಳತೆ. ‘ನಮ್ಮಿಬ್ಬರ ಕಪ್ಪಾ ಇಷ್ಟು, ಅದು ಆಚೆ ಈಚೆ 0.1 ಇರಬಹುದು’ ಎಂದು ಹೇಳುವ ಕೆಲಸ. 398 ಬಂದದ್ದು ಆ ಪ್ರಶ್ನೆಗೆ.

ಕಪ್ಪಾ ಎಂದರೇನು ಎಂದು ಒಮ್ಮೆ ನೆನಪಿಸಿಕೊಂಡರೆ ಮುಂದಿನದು ಸಲೀಸು. (ನಮ್ಮ ಕಡೆ ಈ ಹೆಸರು ಹೇಳಿದರೆ ಮಲಯಾಳ ಬಲ್ಲವರು ಮರಗೆಣಸನ್ನು ನೆನೆಸಿಕೊಂಡು ನಗುತ್ತಾರೆ. ಇದು ಗ್ರೀಕ್ ಅಕ್ಷರ. 1960ರಲ್ಲಿ ಜೇಕಬ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞ ಈ ಅಳತೆಯನ್ನು ಮುಂದಿಟ್ಟರು.) ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಇಬ್ಬರು ಆರಿಸುತ್ತಿದ್ದಾರೆ ಎಂದುಕೊಳ್ಳಿ. ರಾಶಿಯಲ್ಲಿ ನೂರಕ್ಕೆ ಎಂಬತ್ತೈದು ಚಾಲಿ, ಹದಿನೈದು ಕರಿಗೋಟು. ಒಬ್ಬ ಸೋಮಾರಿ ಒಂದನ್ನೂ ನೋಡದೆ ಎಲ್ಲವನ್ನೂ ಚಾಲಿ ಎಂದರೂ, ಸರಿಯಾಗಿ ಆರಿಸುವವನ ಜತೆ ಶೇ. 85ರಷ್ಟು ಒಪ್ಪಿಗೆ ಬಂದುಬಿಡುತ್ತದೆ. ಹಾಗಾಗಿ ‘ನಾವು ಶೇ. 92 ಒಪ್ಪಿದೆವು’ ಎಂಬ ಮಾತಿಗೆ ತೂಕ ಕಡಿಮೆ. ಕಪ್ಪಾ ಆ ಪುಕ್ಕಟೆ ಒಪ್ಪಿಗೆಯನ್ನು ಕಳೆದು, ಪುಕ್ಕಟೆಯಾಗಿ ಸಿಗದೆ ಉಳಿದ ಜಾಗದಲ್ಲಿ ಎಷ್ಟು ಭಾಗವನ್ನು ನಿಜವಾಗಿ ಗಳಿಸಿದ್ದೀರಿ ಎಂದು ಹೇಳುತ್ತದೆ.

ಇಲ್ಲಿಯೇ ಮಾದರಿ ಗಾತ್ರದ ಗುಟ್ಟೂ ಇದೆ. ಶೇ. 15 ಮರಗಳಲ್ಲಿ ಮಾತ್ರ ಲಕ್ಷಣವಿದ್ದರೆ, ಪುಕ್ಕಟೆ ಒಪ್ಪಿಗೆಯೇ ಮುಕ್ಕಾಲು ಪಾಲನ್ನು ತಿನ್ನುತ್ತದೆ. ಉಳಿದ ಕಾಲು ಪಾಲಿನಲ್ಲಿ ನಿಮ್ಮ ಕಪ್ಪಾ ನಿರ್ಧಾರವಾಗಬೇಕು. 30 ಮರ ನೋಡಿದರೆ ಆ ಕಾಲು ಪಾಲು ಎಂದರೆ ಬೆರಳೆಣಿಕೆಯ ಮರಗಳು.

ಕಣ್ಣಾರೆ ನೋಡೋಣ. 30 ಮರಗಳಲ್ಲಿ ಇಬ್ಬರೂ ‘ಇದೆ’ ಎಂದದ್ದು 3, ಇಬ್ಬರೂ ‘ಇಲ್ಲ’ ಎಂದದ್ದು 25, ನೀವು ಮಾತ್ರ ‘ಇದೆ’ ಎಂದದ್ದು 1, ಅವರು ಮಾತ್ರ ‘ಇದೆ’ ಎಂದದ್ದು 1. ಲೆಕ್ಕ ಹಾಕಿದರೆ ಕಪ್ಪಾ 0.71. ಅಂದಾಜಿನಂತೆಯೇ ಬಂತು ಎಂದು ಖುಷಿ. ಈಗ ಒಂದೇ ಒಂದು ಮರದ ಬಗ್ಗೆ ಒಬ್ಬರ ಮನಸ್ಸು ಬದಲಾಗಲಿ. ಭಿನ್ನಾಭಿಪ್ರಾಯದ ಎರಡು ಮರಗಳಲ್ಲಿ ಒಂದನ್ನು ಇಬ್ಬರೂ ‘ಇದೆ’ ಎಂದರೆ ಕಪ್ಪಾ 0.87ಕ್ಕೆ ಹಾರುತ್ತದೆ. ಅದರ ಬದಲು, ಒಪ್ಪಿದ್ದ ಮೂರರಲ್ಲಿ ಒಂದನ್ನು ಒಬ್ಬರು ‘ಇಲ್ಲ’ ಎಂದರೆ 0.52ಕ್ಕೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ತಲೆಯೆತ್ತಿ ನೋಡುವಾಗ ಒಂದು ಸೋಗೆ ಹೊಳೆಯಿತೋ ಹಳದಿಯಾಗಿತ್ತೋ ಎಂಬುದರ ಮೇಲೆ ನಿಮ್ಮ ಪ್ರಬಂಧದ ತೀರ್ಮಾನ ನಿಂತಂತಾಯಿತು.

ಅದೇ ಕೆಲಸವನ್ನು 400 ಮರಗಳಲ್ಲಿ ಮಾಡಿ. ಇಬ್ಬರೂ ‘ಇದೆ’ 45, ಇಬ್ಬರೂ ‘ಇಲ್ಲ’ 324, ನೀವು ಮಾತ್ರ ‘ಇದೆ’ 15, ಅವರು ಮಾತ್ರ ‘ಇದೆ’ 16. ಒಟ್ಟು ಒಪ್ಪಿಗೆ 400ರಲ್ಲಿ 369, ಅಂದರೆ 0.9225. ಪುಕ್ಕಟೆ ಒಪ್ಪಿಗೆಗೆ: ನೀವು ‘ಇದೆ’ ಎಂದದ್ದು 60, ಅವರು 61, ‘ಇಲ್ಲ’ ಎಂದದ್ದು 340 ಮತ್ತು 339. 60ನ್ನು 61ರಿಂದ, 340ನ್ನು 339ರಿಂದ ಗುಣಿಸಿ, ಕೂಡಿಸಿ, 400ರ ವರ್ಗದಿಂದ ಭಾಗಿಸಿದರೆ 0.743. ಕಪ್ಪಾ ಎಂದರೆ 0.9225ರಿಂದ 0.743 ಕಳೆದು, ಬಂದದ್ದನ್ನು 1ರಿಂದ 0.743 ಕಳೆದು ಉಳಿದದ್ದರಿಂದ ಭಾಗಿಸುವುದು, 0.70 ಬರುತ್ತದೆ. ಇಲ್ಲಿ ಒಂದು ಮರ ಆಚೆಯಿಂದ ಈಚೆಗೆ ಬಂದರೆ 0.70 ಎಂಬುದು 0.71 ಆಗುತ್ತದೆ, ಅಷ್ಟೆ.

ಈ ಅಲುಗಾಟವನ್ನು ಸೂತ್ರದಲ್ಲಿ ಹಿಡಿಯಬಹುದು. ಎರಡೇ ಉತ್ತರಗಳಿರುವಾಗ, ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ‘ಇದೆ’ ಎನ್ನುತ್ತಾರೆ ಎಂದು ಒಪ್ಪಿಕೊಂಡರೆ, ಬೇಕಾದ ಮರಗಳ ಸಂಖ್ಯೆ ಹೀಗೆ ಸಿಗುತ್ತದೆ. ಇದನ್ನು ಆರ್ ತಂತ್ರಾಂಶದಲ್ಲಿ ಹಾಗೆಯೇ ಹಾಕಿ ನೋಡಬಹುದು:

```r
kappa_n <- function(k, p, d, z = 1.96) {
  v <- (1 - k) * ((1 - k) * (1 - 2*k) +
       k * (2 - k) / (2 * p * (1 - p)))
  ceiling(z^2 * v / d^2)
}
kappa_n(0.7, 0.15, 0.1)   # 398
```

ಇದರಲ್ಲಿ `k` ನೀವು ನಿರೀಕ್ಷಿಸುವ ಕಪ್ಪಾ, `p` ಒಬ್ಬೊಬ್ಬರು ‘ಇದೆ’ ಎನ್ನುವ ಪ್ರಮಾಣ, `d` ಆಚೆ ಈಚೆ ಎಷ್ಟು ಸಡಿಲ ಬಿಡಬಹುದು ಎಂಬುದು, `z` ಶೇ. 95ರ ಭರವಸೆಗೆ ಹಾಕುವ ಸಂಖ್ಯೆ. `p` ತೋಟದಲ್ಲಿರುವ ನಿಜವಾದ ರೋಗದ ಪ್ರಮಾಣವಲ್ಲ, ನೋಡುವವರ ಬಾಯಲ್ಲಿ ‘ಇದೆ’ ಎಷ್ಟು ಸಲ ಬರುತ್ತದೆ ಎಂಬುದು. ಈ ಎರಡನ್ನು ಬಹಳ ಜನ ಕಲಸಿಬಿಡುತ್ತಾರೆ.

ಇದೇ ಸೂತ್ರವನ್ನು ತಿರುಗಿಸಿ 30 ಮರಗಳಿಗೆ ಹಾಕಿದರೆ ಸಡಿಲ 0.36 ಬರುತ್ತದೆ. ಅಂದರೆ ಕಪ್ಪಾ 0.34ರಿಂದ 1.06ರವರೆಗೆ ಎಲ್ಲಾದರೂ ಇರಬಹುದು. ಕಪ್ಪಾ 1ನ್ನು ದಾಟುವಂತೆಯೇ ಇಲ್ಲ. ಹೀಗೆ ಅಸಂಭವ ಸಂಖ್ಯೆ ಬಂದಿತೆಂದರೆ ಆ ಗಾತ್ರದಲ್ಲಿ ಸೂತ್ರವೇ ಕೈಕೊಟ್ಟಿದೆ ಎಂದು ತಿಳಿಯಬೇಕು. ಮಾರ್ಗದರ್ಶಕರಿಗೆ ತೋರಿಸಲು ಈ ಒಂದು ಸಾಲು ಸಾಕಾದೀತು.

ಸಡಿಲ 0.1 ಏಕೆ ಇರಬೇಕು ಎಂದು ಸಮಿತಿ ಕೇಳಿದರೂ ಉತ್ತರವಿದೆ. ಕಪ್ಪಾವನ್ನು ಹೆಸರಿಟ್ಟು ಕರೆಯಲು ಹೆಚ್ಚಿನವರು ಬಳಸುವುದು ಲ್ಯಾಂಡಿಸ್ ಮತ್ತು ಕೋಕ್ 1977ರಲ್ಲಿ ಕೊಟ್ಟ ಪಟ್ಟಿಯನ್ನು, ಅದರಲ್ಲಿ 0.41ರಿಂದ 0.60 ಮಧ್ಯಮ, 0.61ರಿಂದ 0.80 ಗಣನೀಯ. ಒಂದೊಂದು ಮನೆಯ ಅಗಲ 0.2. ಸಡಿಲ 0.1 ಇದ್ದರೆ ನಿಮ್ಮ ವ್ಯಾಪ್ತಿ ಒಂದು ಮನೆಯಷ್ಟು ಅಗಲ. 0.2 ಆದರೆ ಎರಡು ಮನೆ, ಆಗ ಯಾವ ಹೆಸರನ್ನೂ ಧೈರ್ಯದಿಂದ ಇಡಲಾಗದು. ಆ ಪಟ್ಟಿಯ ಗಡಿಗಳಿಗೆ ತರ್ಕದ ಆಧಾರವಿಲ್ಲ, ಅವರೇ ಹಾಗೆಂದು ಒಪ್ಪಿಕೊಂಡಿದ್ದಾರೆ. ಆದರೂ ಓದುವವರು ಅದರಿಂದಲೇ ಅಳೆಯುವುದರಿಂದ ಯೋಜನೆ ಮಾಡುವಾಗ ಅದನ್ನು ಮರೆಯಲಾಗದು.

ಈಗ ನಿಮ್ಮ ಅರ್ಧ ಅರ್ಧದ ಉಪಾಯ. ಮೇಲಿನ ಸೂತ್ರದಲ್ಲಿ `p` ಜಾಗಕ್ಕೆ 0.5 ಹಾಕಿದರೆ 398 ಎಂಬುದು 196ಕ್ಕೆ ಇಳಿಯುತ್ತದೆ. ಹೆಚ್ಚುಕಡಿಮೆ ಅರ್ಧ ಕೆಲಸ. ಯಾರಿಗೂ ಆಸೆ ಹುಟ್ಟುವ ಸಂಖ್ಯೆ, ನನ್ನ ಬಳಿ ಬರುವ ಪ್ರತಿ ಎರಡನೆಯ ವಿದ್ಯಾರ್ಥಿ ಇದನ್ನೇ ಕೇಳುತ್ತಾನೆ. ತೊಂದರೆ ಇರುವುದು ಇಲ್ಲಿ: ಮರಗಳ ಬೆರಕೆ ಬದಲಾದರೆ ಅಳೆಯುವ ವಸ್ತುವೇ ಬದಲಾಗುತ್ತದೆ.

ನಿಮ್ಮಿಬ್ಬರ ಕಣ್ಣೂ ಒಂದೇ ಮಟ್ಟದ್ದು ಎಂದುಕೊಳ್ಳಿ. ರೋಗ ನಿಜವಾಗಿ ಇರುವ 100 ಮರ ತೋರಿಸಿದರೆ 90ನ್ನು ಗುರುತಿಸುತ್ತೀರಿ, ಇಲ್ಲದ 100 ತೋರಿಸಿದರೆ 95ನ್ನು ಸರಿಯಾಗಿ ಬಿಡುತ್ತೀರಿ, ಮತ್ತು ಒಬ್ಬರು ತಪ್ಪಿದ್ದಕ್ಕೂ ಇನ್ನೊಬ್ಬರು ತಪ್ಪುವುದಕ್ಕೂ ಸಂಬಂಧವಿಲ್ಲ. ಅರ್ಧ ಅರ್ಧ ಬೆರಕೆಯ ಗುಂಪಿನಲ್ಲಿ ನಿಮ್ಮ ಕಪ್ಪಾ 0.72. ಶೇ. 15 ರೋಗವಿರುವ ತೋಟಗಳಲ್ಲಿ ಅದೇ ನೀವು, ಅದೇ ಅವರು, ಅದೇ ಜಾಗರೂಕತೆ; ಕಪ್ಪಾ 0.63. ರೋಗ ಶೇ. 5 ಮಾತ್ರ ಇರುವ ಕಡೆ ಹೋದರೆ 0.41. ಕಣ್ಣು ಎಲ್ಲಿಯೂ ಮಂಜಾಗಿಲ್ಲ. ರೋಗದ ಮರ ಕಡಿಮೆಯಾದಂತೆ, ಒಳ್ಳೆಯ ಮರಗಳನ್ನು ಅಪ್ಪಿತಪ್ಪಿ ರೋಗದ್ದೆಂದು ಬರೆದ ಆ ಐದೈದು ಪ್ರಕರಣಗಳು ಎಲ್ಲ ‘ಇದೆ’ಗಳ ನಡುವೆ ದೊಡ್ಡದಾಗಿ ಕಾಣುತ್ತವೆ.

ಹಾಗಾಗಿ 196 ಮರಗಳಿಂದ ನಿಮಗೆ ಸಿಗುವುದು ಎಲ್ಲಿಯೂ ಇಲ್ಲದ ಒಂದು ತೋಟದ ಕಪ್ಪಾ. ಅದನ್ನು ತಂದು ‘ಕಾಸರಗೋಡಿನ ತೋಟಗಳ ಸಮೀಕ್ಷೆಯಲ್ಲಿ ನಮ್ಮ ಒಪ್ಪಿಗೆ ಇಷ್ಟು’ ಎಂದು ಬರೆದರೆ ತಪ್ಪು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪಿದೆ. ಆ ಅರ್ಧ ರೋಗದ ಮರಗಳನ್ನು ಆರಿಸುವವರು ಯಾರು? ಆರಿಸುವವರು ಸಹಜವಾಗಿ ತಲೆಯಿಡೀ ಹಳದಿಯಾಗಿ ಸಣ್ಣಗಾದ ಮರವನ್ನು ತೋರಿಸುತ್ತಾರೆ. ಇಬ್ಬರೂ ಜಗಳವಾಡುವುದು ಅಂಥ ಮರದ ಬಗ್ಗೆ ಅಲ್ಲ. ಕೆಳಗಿನ ಎರಡು ಮೂರು ಸೋಗೆಗಳಲ್ಲಿ ಗರಿಯ ತುದಿ ಮಾತ್ರ ಹಳದಿ ತಿರುಗಿದ, ಇದು ರೋಗವೋ, ಕಣಿಯಲ್ಲಿ ನೀರು ನಿಂತದ್ದರ ಫಲವೋ, ಗೊಬ್ಬರದ ಕೊರತೆಯೋ ಎಂದು ಅನುಮಾನ ಹುಟ್ಟಿಸುವ ಮರದ ಬಗ್ಗೆ. ಅಂಥ ಮರಗಳು ಮಾದರಿಯಿಂದ ಜಾರಿಹೋದರೆ ಕಪ್ಪಾ ಏರುತ್ತದೆ, ಏರಿದ್ದು ನಿಮ್ಮ ಕಣ್ಣಿನಿಂದಲ್ಲ. ಮೊದಲು ಎಲ್ಲ ಮರಗಳನ್ನು ಒಮ್ಮೆ ಜಾಲಿಸಿ, ಎರಡೂ ಗುಂಪುಗಳಿಂದ ಚೀಟಿ ಎತ್ತಿ, ಪ್ರತಿ ಗುಂಪಿನಿಂದ ಎಷ್ಟರಲ್ಲಿ ಎಷ್ಟು ತೆಗೆದುಕೊಂಡಿರಿ ಎಂಬ ಲೆಕ್ಕ ಇಟ್ಟು, ಕೊನೆಗೆ ಅದಕ್ಕೆ ತಕ್ಕ ತೂಕ ಕೊಟ್ಟು ಕಪ್ಪಾ ಕಟ್ಟುವ ದಾರಿ ಇದೆ. ಆದರೆ ಆಗ ಮೇಲಿನ ಸೂತ್ರ ನಡೆಯುವುದಿಲ್ಲ, ಮತ್ತು ಜಾಲಿಸುವ ಕೆಲಸವೇ 398 ಮರಗಳಿಗಿಂತ ಹೆಚ್ಚಾಗುತ್ತದೆ. ನಿಮ್ಮ 25 ದಿನಗಳಿಗೆ ಅದು ಒಗ್ಗುವುದಿಲ್ಲ.

ಇನ್ನು ನೀವು ಕೇಳದೇ ಇದ್ದ, ಆದರೆ ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. 398 ಎಂದರೆ ಒಂದಕ್ಕೊಂದು ಸಂಬಂಧವಿಲ್ಲದ 398 ಮರಗಳು. ನೀವು 20 ತೋಟಗಳಿಗೆ ಹೋಗಿ ತೋಟಕ್ಕೆ 20ರಂತೆ ನೋಡಿದರೆ ಅವು ಹಾಗಿರುವುದಿಲ್ಲ. ಒಂದು ತೋಟದ ಮರಗಳಿಗೆ ಮಣ್ಣು ಒಂದೇ, ನೀರು ಒಂದೇ, ವಯಸ್ಸು ಒಂದೇ, ಆ ಹೊತ್ತಿನ ಬೆಳಕೂ ಒಂದೇ. ಕಣಿ ಮುಚ್ಚಿಹೋದ ತೋಟದಲ್ಲಿ ಒಂದು ಮರದ ಬಗ್ಗೆ ನಿಮಗಿಬ್ಬರಿಗೆ ಭಿನ್ನಾಭಿಪ್ರಾಯ ಬಂದರೆ ಪಕ್ಕದ ಮರದ ಬಗ್ಗೆಯೂ ಬರುವ ಸಂಭವ ಹೆಚ್ಚು. ಎರಡನೆಯ ಮರ ಪೂರ್ತಿ ಹೊಸ ಸುದ್ದಿ ಕೊಡುವುದಿಲ್ಲ.

ಇದನ್ನು ಸರಿದೂಗಿಸಲು 398ನ್ನು ಒಂದು ಅಂಶದಿಂದ ಗುಣಿಸುತ್ತೇವೆ: ತೋಟಕ್ಕೆ ಎಷ್ಟು ಮರವೋ ಅದರಲ್ಲಿ ಒಂದು ಕಳೆದು, ಉಳಿದದ್ದನ್ನು ತೋಟದೊಳಗಿನ ಹೋಲಿಕೆಯ ಪ್ರಮಾಣದಿಂದ ಗುಣಿಸಿ, ಒಂದು ಕೂಡಿಸಬೇಕು. ಹೋಲಿಕೆ 0.05 ಎಂಬ ಸಣ್ಣ ಸಂಖ್ಯೆಯೇ ಇರಲಿ. ತೋಟಕ್ಕೆ 20 ಮರವಾದರೆ ಅಂಶ 1.95, ಅಂದರೆ 398ರ ಬದಲು 777 ಮರ. ತೋಟಕ್ಕೆ 10 ಆದರೆ 1.45, ಮರಗಳು 578. ತೋಟಕ್ಕೆ 5 ಆದರೆ 1.2, ಮರಗಳು 478. 0.05 ಎಂಬುದು ಯೋಜನೆಗಾಗಿ ನಾನು ಇಟ್ಟುಕೊಂಡ ಊಹೆ. ಕಪ್ಪಾ ವಿಷಯದಲ್ಲಿ ಈ ಗುಣಾಕಾರವೂ ಒಂದು ಅಂದಾಜೇ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ರೋಗದ ಹೋಲಿಕೆ ಮಾತ್ರವಲ್ಲ, ಭಿನ್ನಾಭಿಪ್ರಾಯದ ಹೋಲಿಕೆ ಕೂಡ. ಆದರೂ ದಿಕ್ಕು ಸ್ಪಷ್ಟ: ಒಂದು ತೋಟದಲ್ಲಿ ಹೆಚ್ಚು ಮರ ನೋಡುವುದಕ್ಕಿಂತ ಹೆಚ್ಚು ತೋಟ ಹೊಕ್ಕು ಬರುವುದು ಲಾಭ. ಗುಡ್ಡ ಹತ್ತಿ ಇಳಿಯುವ ನಮ್ಮ ಕಡೆಯ ದಾರಿಗಳಲ್ಲಿ ಇದು ಕಾಲಿಗೆ ಹಿತವಾದ ಸಲಹೆಯಲ್ಲ ಎಂದು ನನಗೂ ಗೊತ್ತು.

ನಿರೀಕ್ಷಿತ ಕಪ್ಪಾ 0.7 ಎಂಬುದರ ಬಗ್ಗೆಯೂ ಸ್ವಲ್ಪ ಹಿಂಜರಿಕೆ ಇರಲಿ. ಶೇ. 15ರ ಲೆಕ್ಕದಲ್ಲಿ, ನಿಜವಾದ ಕಪ್ಪಾ 0.8 ಇದ್ದರೆ 281 ಮರ ಸಾಕು, 0.6 ಇದ್ದರೆ 494 ಬೇಕು, 0.5 ಇದ್ದರೆ 565. ಒಪ್ಪಿಗೆ ಕಡಿಮೆಯಾದಷ್ಟೂ ಅದನ್ನು ಅಳೆಯಲು ಹೆಚ್ಚು ಮರ ಬೇಕು. 0.7 ಎಂದು ನಂಬಿ 398 ನೋಡಿ, ಕೊನೆಗೆ 0.58 ಬಂದರೆ ನಿಮ್ಮ ವ್ಯಾಪ್ತಿ ಮಾತು ಕೊಟ್ಟದ್ದಕ್ಕಿಂತ ಅಗಲವಾಗಿರುತ್ತದೆ. ಆದ್ದರಿಂದ ನಿರೀಕ್ಷೆಗಿಂತ ಒಂದು ಮೆಟ್ಟಿಲು ಕೆಳಗೆ, 0.6ರಲ್ಲಿ ಯೋಜನೆ ಮಾಡಿ. ಮೊದಲು 40–50 ಮರಗಳ ಒಂದು ತಾಲೀಮು ನಡೆಸಿ ಕಪ್ಪಾ ಎಷ್ಟೆಂದು ತಿಳಿದುಕೊಳ್ಳುತ್ತೇವೆ ಎನ್ನುವವರಿದ್ದಾರೆ. ತಾಲೀಮು ನಡೆಸಿ, ಆದರೆ ಅದರ ಕಪ್ಪಾವನ್ನು ನಂಬಬೇಡಿ; 30 ಮರಗಳ ಕಥೆ ಈಗಷ್ಟೇ ನೋಡಿದಿರಿ. ತಾಲೀಮಿನಿಂದ ತಿಳಿಯಬೇಕಾದದ್ದು ಬೇರೆ: ಒಬ್ಬೊಬ್ಬರು ಎಷ್ಟು ಸಲ ‘ಇದೆ’ ಎನ್ನುತ್ತೀರಿ?

ಇದು ಏಕೆ ಮುಖ್ಯ ಎಂದರೆ, ನೀವು ಹೊಸಬರು, ಅವರು ಹಳಬರು. ಅವರು ನೂರಕ್ಕೆ 12 ಮರಗಳಲ್ಲಿ ‘ಇದೆ’ ಎನ್ನಬಹುದು, ನೀವು ಭಯಕ್ಕೆ 22ರಲ್ಲಿ ‘ಇದೆ’ ಎಂದು ಬರೆಯಬಹುದು. ಆಗ ಅವರು ಗುರುತಿಸಿದ ಹನ್ನೆರಡೂ ನಿಮ್ಮ ಇಪ್ಪತ್ತೆರಡರೊಳಗೇ ಇದ್ದರೂ, ಅಂದರೆ ಆ ಪ್ರಮಾಣಗಳಲ್ಲಿ ಸಾಧ್ಯವಿದ್ದಷ್ಟು ಒಪ್ಪಿದರೂ, ಕಪ್ಪಾ 0.65ನ್ನು ದಾಟಲಾರದು. ಸಾವಿರ ಮರ ನೋಡಿದರೂ ಅದು ಅಲ್ಲೇ ನಿಲ್ಲುತ್ತದೆ, ಇನ್ನಷ್ಟು ನಿಖರವಾಗಿ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಮದ್ದು ಮಾದರಿ ಗಾತ್ರದಲ್ಲಿಲ್ಲ. ತಾಲೀಮಿನ ಮರಗಳ ಕೆಳಗೆ ಇಬ್ಬರೂ ನಿಂತು, ಎಷ್ಟು ಸೋಗೆಗಳಲ್ಲಿ, ಗರಿಯ ಎಷ್ಟು ಭಾಗ ಹಳದಿಯಾದರೆ ‘ಇದೆ’ ಎನ್ನಬೇಕು ಎಂದು ಮಾತಾಡಿ, ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆ ಮರಗಳನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ. ಪ್ರಬಂಧದಲ್ಲಿ ಕಪ್ಪಾ ಜತೆಗೆ ಇಬ್ಬರೂ ‘ಇದೆ’, ಇಬ್ಬರೂ ‘ಇಲ್ಲ’, ನೀವು ಮಾತ್ರ ‘ಇದೆ’, ಅವರು ಮಾತ್ರ ‘ಇದೆ’ ಎಂಬ ನಾಲ್ಕೂ ಮನೆಗಳ ಸಂಖ್ಯೆಗಳನ್ನು ಕೊಡಿ. ಯಾರು ಎಷ್ಟು ಸಲ ‘ಇದೆ’ ಎಂದರು ಎಂಬುದು ಓದುವವರಿಗೆ ಕಾಣಬೇಕು.

ಈಗ ನಿಮ್ಮ ಕೈಯಲ್ಲಿರುವ ದಿನಗಳಿಗೆ ಇದನ್ನೆಲ್ಲ ಹೊಂದಿಸೋಣ. ಕಪ್ಪಾ 0.6, ಪ್ರಮಾಣ ಶೇ. 15, ಸಡಿಲ 0.1 ಎಂದರೆ 494 ಮರ. ತೋಟಕ್ಕೆ 8 ಮರ, ಹೋಲಿಕೆ 0.05 ಎಂದರೆ ಅಂಶ 1.35. ಒಟ್ಟು 667, ತೋಟಗಳ ಲೆಕ್ಕದಲ್ಲಿ 84. ದಿನಕ್ಕೆ ಮೂರು ತೋಟಕ್ಕಿಂತ ಹೆಚ್ಚು ಆಗಲಾರದು, ಅಂದರೆ 28 ದಿನ. ಮಳೆ ಬಂದ ದಿನ ಬೇರೆ. ನಿಮ್ಮ ಮಿತಿಯನ್ನು ಇದು ಮೀರುತ್ತದೆ. ಸಡಿಲವನ್ನು 0.12ಕ್ಕೆ ಹಿಗ್ಗಿಸಿದರೆ 343 ಮರ, ಅಂಶ ಸೇರಿಸಿ 464, ಅಂದರೆ ಸರಿಯಾಗಿ 58 ತೋಟ. ದಿನಕ್ಕೆ ಮೂರರಂತೆ 20 ದಿನ, ಐದು ದಿನ ಕೈಯಲ್ಲಿ ಉಳಿಯುತ್ತವೆ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ.

ಇನ್ನೊಂದು ದಾರಿಯೂ ಇದೆ. ಮೇಲಿನ ತುದಿ ನಿಮಗೆ ಬೇಕಾಗಿಲ್ಲ, ‘ಕಪ್ಪಾ ಇಷ್ಟಕ್ಕಿಂತ ಕೆಳಗಿಲ್ಲ’ ಎಂಬ ಮಾತು ಮಾತ್ರ ಸಾಕು ಎಂದಾದರೆ, ಸೂತ್ರದ 1.96 ಜಾಗದಲ್ಲಿ 1.645 ಹಾಕಿ. ನಿಮ್ಮ ಮೊದಲಿನ ಊಹೆಗಳಲ್ಲಿ 398 ಎಂಬುದು 280 ಆಗುತ್ತದೆ, ತೋಟದ ಅಂಶ ಅದರ ಮೇಲೆ. ಅಪಾಯವೆಂದರೆ, ನಿಜವಾದ ಕಪ್ಪಾ ಸರಿಯಾಗಿ 0.7 ಇದ್ದರೂ ನಿಮ್ಮ ಮಾದರಿಯಲ್ಲಿ ಅದು 0.7ಕ್ಕಿಂತ ಕೆಳಗೆ ಬರುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧ. ಆಗ ಕೆಳ ತುದಿ 0.6ಕ್ಕಿಂತ ಕೆಳಗೆ ಇಳಿಯುತ್ತದೆ, ನಿಮ್ಮ ಮಾತು ನಿಲ್ಲುವುದಿಲ್ಲ. ಸಮಿತಿ ಕಟ್ಟುನಿಟ್ಟಿನದಾದರೆ ಈ ದಾರಿ ಬೇಡ. ಆರ್‌ನಲ್ಲಿ `kappaSize` ಎಂಬ ಪ್ಯಾಕೇಜಿನ `CIBinary` ಕೂಡ ಇಂಥದೇ ಲೆಕ್ಕ ಮಾಡುತ್ತದೆ. ಅದರ ವಿಧಾನ ಬೇರೆಯಾದ್ದರಿಂದ ಸಂಖ್ಯೆ ನನ್ನದಕ್ಕಿಂತ ಸ್ವಲ್ಪ ಆಚೆ ಈಚೆ ಬಂದರೆ ಗಾಬರಿ ಬೇಡ, ಯಾವುದನ್ನು ಬಳಸಿದಿರಿ ಎಂದು ಬರೆಯಿರಿ.

ತೋಟದೊಳಗೆ ಎಂಟು ಮರಗಳನ್ನು ಹೇಗೆ ಆರಿಸುವುದು ಎಂಬುದನ್ನು ಮನೆಯಲ್ಲೇ ನಿರ್ಧರಿಸಿ. ಸಾಲಿನ ಸಂಖ್ಯೆ, ಆ ಸಾಲಿನಲ್ಲಿ ಮರದ ಸಂಖ್ಯೆ, ಇವನ್ನು ಮೊದಲೇ ಯಾದೃಚ್ಛಿಕವಾಗಿ ಎತ್ತಿಟ್ಟುಕೊಂಡು ಹೋಗಿ. ಇಲ್ಲದಿದ್ದರೆ ಕಾಲುದಾರಿಯ ಪಕ್ಕದ ಮರಗಳೇ ಎಂಟಾಗುತ್ತವೆ, ಅಥವಾ ತೋಟದ ಯಜಮಾನರು ‘ಇದೊಂದನ್ನು ನೋಡಿ’ ಎಂದು ತೋರಿಸಿದ ಮರ ಒಳಗೆ ಸೇರಿಬಿಡುತ್ತದೆ. ಅವರಿಗೆ ಬೇಸರವಾಗದಂತೆ ಆ ಮರವನ್ನೂ ನೋಡಿ, ಬರೆಯಬೇಡಿ. ಇಬ್ಬರೂ ಒಂದೇ ದಿನ ನೋಡಿ, ಆದರೆ ಒಟ್ಟಿಗೆ ನಿಂತಲ್ಲ. ಹಿರಿಯರು ‘ಹೂಂ’ ಎಂದು ಗೊಣಗಿದ್ದು ಕಿವಿಗೆ ಬಿದ್ದರೂ ನಿಮ್ಮ ಪೆನ್ನು ವಾಲುತ್ತದೆ.

ಮರಗಳಿಗೆ ಗುರುತು ಹಾಕಿ. ಇದನ್ನು ಹೇಳುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ. ವರ್ಷಗಳ ಹಿಂದೆ ಒಂದು ತೆಂಗಿನ ಸಮೀಕ್ಷೆಗೆ ಲೆಕ್ಕ ಹಾಕಿಕೊಟ್ಟಿದ್ದೆ. ಮಾದರಿ ಗಾತ್ರವೆಲ್ಲ ಚೊಕ್ಕವಾಗಿತ್ತು, ಕಪ್ಪಾ ಮಾತ್ರ ಸೊನ್ನೆಯ ಹತ್ತಿರ ಬಂತು. ಇಬ್ಬರೂ ಅನುಭವಿಗಳು, ಹೀಗಾಗಲು ಕಾರಣವೇ ಇರಲಿಲ್ಲ. ಎರಡು ವಾರ ಸೂತ್ರಗಳಲ್ಲಿ ತಡಕಾಡಿದೆ. ಕೊನೆಗೆ ತೋಟವೊಂದಕ್ಕೆ ಹೋಗಿ ಇಬ್ಬರನ್ನೂ ‘ಒಂದನೆಯ ಸಾಲು ಯಾವುದು?’ ಎಂದು ಕೇಳಿದೆ. ಒಬ್ಬರು ಬಾವಿಯ ಕಡೆಯಿಂದ ಎಣಿಸಿದ್ದರು, ಇನ್ನೊಬ್ಬರು ಮನೆಯ ಕಡೆಯಿಂದ. ಅವರು ನೋಡಿದ್ದು ಬೇರೆ ಬೇರೆ ಮರಗಳನ್ನು. ಅಂದಿನಿಂದ ನನ್ನ ಬಳಿ ಬರುವವರಿಗೆಲ್ಲ ಮೊದಲು ಹೇಳುವುದು ಸಾಲಿನ ತುದಿಯ ಮರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಆರಿಸಿದ ಎಂಟಕ್ಕೂ ಸಂಖ್ಯೆ ಬರೆದ ಪಟ್ಟಿ ಕಟ್ಟಿ ಎಂದು.

ಕೊನೆಗೆ ಲೆಕ್ಕ ಮಾಡುವಾಗ, ಸಾಮಾನ್ಯ ತಂತ್ರಾಂಶ ತಾನಾಗಿ ಕೊಡುವ ವ್ಯಾಪ್ತಿಯನ್ನು ಹಾಗೆಯೇ ಬರೆಯಬೇಡಿ. ಅದಕ್ಕೆ ನಿಮ್ಮ ತೋಟಗಳ ವಿಷಯ ಗೊತ್ತಿಲ್ಲ, 464 ಮರಗಳನ್ನೂ ಬಿಡಿಬಿಡಿಯೆಂದೇ ಎಣಿಸುತ್ತದೆ. 58 ತೋಟಗಳಲ್ಲಿ ಚೀಟಿ ಎತ್ತಿದಂತೆ 58 ಸಲ ಎತ್ತಿ, ಎತ್ತಿದ್ದನ್ನು ಮತ್ತೆ ಒಳಗೆ ಹಾಕುತ್ತ, ಒಂದೇ ತೋಟ ಎರಡು ಮೂರು ಸಲ ಬಂದರೂ ಬರಲಿ ಎಂದು ಬಿಟ್ಟು, ಆ ತೋಟಗಳ ಎಲ್ಲ ಮರಗಳಿಂದ ಕಪ್ಪಾ ಹಾಕಿ. ಇದನ್ನು 2000 ಸಲ ಮಾಡಿಸಿ, ಬಂದ ಕಪ್ಪಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಎರಡೂ ತುದಿಗಳಿಂದ ಶೇ. 2.5ರಷ್ಟನ್ನು ಬಿಟ್ಟರೆ ಉಳಿದದ್ದೇ ನಿಮ್ಮ ಶೇ. 95ರ ವ್ಯಾಪ್ತಿ. ಇದು ಆಚೆ ಈಚೆ 0.12ಕ್ಕಿಂತ ಅಗಲ ಬಂದರೆ ತೋಟದೊಳಗಿನ ಹೋಲಿಕೆ 0.05ಕ್ಕಿಂತ ಹೆಚ್ಚಿತ್ತು, ಅಥವಾ ‘ಇದೆ’ ಎಂಬ ಉತ್ತರ ಶೇ. 15ಕ್ಕಿಂತ ಕಡಿಮೆ ಬಂತು, ಅಥವಾ ಕಪ್ಪಾವೇ 0.6ಕ್ಕಿಂತ ಕೆಳಗಿತ್ತು, ನಾಲ್ಕು ಮನೆಗಳ ಸಂಖ್ಯೆ ನೋಡಿದರೆ ಕೊನೆಯ ಎರಡರಲ್ಲಿ ಯಾವುದೆಂದು ತಕ್ಷಣ ಗೊತ್ತಾಗುತ್ತದೆ. ಆಗ ಉಳಿದ ಐದು ದಿನಗಳಲ್ಲಿ ಇನ್ನೂ ಹತ್ತು ಹದಿನೈದು ತೋಟ ಸೇರಿಸಬಹುದು. ಹಾಗೆ ಸೇರಿಸುವುದು ವ್ಯಾಪ್ತಿ ಅಗಲವಾದದ್ದಕ್ಕೇ ಹೊರತು ಕಪ್ಪಾ ನಿಮಗೆ ಒಪ್ಪಿಗೆಯಾಗಲಿಲ್ಲ ಎಂಬುದಕ್ಕಲ್ಲ ಎಂದು ತೋರಿಸಲು, ಆ ನಿಯಮವನ್ನು ಮೊದಲ ತೋಟಕ್ಕೆ ಹೊರಡುವ ಮುನ್ನವೇ ಬರೆದು ಮಾರ್ಗದರ್ಶಕರ ಸಹಿ ಹಾಕಿಸಿಟ್ಟುಕೊಳ್ಳಿ.